ಪ್ಲಾನ್‌ನಲ್ಲಿ 13 ಮಹಡಿ, ಬ್ರೋಷರ್‌ನಲ್ಲಿ 15ನೇ ಮಹಡಿ: ಸಿ ಟವರ್ ಫ್ಲಾಟ್‌ಗೆ ಓಸಿ ಇದೆ ಅಂತ ನಂಬಬಹುದಾ?

ನೀಲಿಬಾಗಿಲು:
ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್ ಕಡೆ ಒಂದು ಹೊಸ ಪ್ರಾಜೆಕ್ಟ್‌ನಲ್ಲಿ ಫ್ಲಾಟ್ ನೋಡಿದ್ದೇವೆ. ಬಿಲ್ಡರ್ ಹೆಸರು ಇಲ್ಲಿ ಬೇಡ. ಎ, ಬಿ, ಸಿ ಅಂತ ಮೂರು ಟವರ್. ನಮಗೆ ತೋರಿಸಿದ್ದು ಸಿ ಟವರ್‌ನ 1504. ಸೇಲ್ಸ್‌ನವರು "ಓಸಿ ಬಂದಿದೆ ಮೇಡಂ, ರೆಡಿ ಟು ಮೂವ್" ಅಂದರು. ಓಸಿ ಅಂದರೆ ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ. ಪ್ರತಿ ಕೇಳಿದ್ದಕ್ಕೆ ಒಂದು ಪಿಡಿಎಫ್ ಕಳಿಸಿದ್ದಾರೆ. 2025ರ ಆರಂಭದ ದಿನಾಂಕ, ಬಿಬಿಎಂಪಿ ತಲೆಬರಹ, ಮೇಲೆ "Partial" ಅಂತಿದೆ. ಪ್ಲಾನ್ ಮಂಜೂರಾಗಿದ್ದು 2021ರಲ್ಲಿ. ಅದರಲ್ಲಿ 2 ಬೇಸ್‌ಮೆಂಟ್ + ಗ್ರೌಂಡ್ + 13 ಮಹಡಿ ಅಂತ ಇದೆ. ಹಾಗಾದರೆ 15ನೇ ಮಹಡಿ ಎಲ್ಲಿಂದ ಬಂತು? ಕೇಳಿದರೆ "ನಾವು 13 ಅನ್ನೋ ನಂಬರ್ ಇಡಲ್ಲ ಮೇಡಂ, ಅದಕ್ಕೇ ಹಾಗೆ ಕಾಣುತ್ತೆ" ಅಂತಾರೆ. ರೇರಾ ನಂಬರ್ ಇದೆ, ಬ್ಯಾಂಕ್ ಸಾಲಕ್ಕೂ ಅಪ್ರೂವಲ್ ಇದೆಯಂತೆ. ಇನ್ನೇನು ನೋಡಬೇಕು?

ಹಳೆಪೇಟೆ_ಮಾವ:
ರೇರಾ ಇದೆ, ಬ್ಯಾಂಕ್ ಒಪ್ಪಿದೆ, ಓಸಿ ಇದೆ. ಇನ್ನೇನಮ್ಮ ಬೇಕು? ಬೆಂಗಳೂರಲ್ಲಿ ಓಸಿನೇ ಇಲ್ಲದೆ ಹತ್ತು ವರ್ಷದಿಂದ ಜನ ವಾಸ ಮಾಡ್ತಿರೋ ಅಪಾರ್ಟ್‌ಮೆಂಟ್ ಬೇಕಾದಷ್ಟಿವೆ. 13ನೇ ನಂಬರ್ ಬಿಡೋದು ಮಾಮೂಲು. ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಗೆರೆ_ಅಳತೆ:
13 ಬಿಡುವುದು ಮಾಮೂಲು, ನಿಜ. ಆದರೆ ಎಣಿಸಿ ನೋಡಿ. 1ರಿಂದ 12, ಆಮೇಲೆ 14. ಅಲ್ಲಿಗೆ ಗ್ರೌಂಡ್ ಮೇಲೆ 13 ಮಹಡಿ ಮುಗಿಯಿತು. 15 ಅಂತ ಬರೆದಿರುವುದು 14ನೇ ಮಹಡಿ. ಒಂದು ನಂಬರ್ ಬಿಟ್ಟರೆ ಒಂದು ಮಹಡಿಯ ಲೆಕ್ಕ ಸರಿಹೋಗುತ್ತದೆ, ಎರಡರದ್ದು ಹೋಗುವುದಿಲ್ಲ. ಮಂಜೂರಾಗಿರುವುದು ಗ್ರೌಂಡ್ + 13 ಆಗಿದ್ದರೆ 1504 ಪ್ಲಾನ್‌ನಲ್ಲೇ ಇಲ್ಲ.

ಮೇಡಂ, ಎರಡು ವಿಷಯ ನೋಡಿ ಹೇಳಿ. ಒಂದು, ಎ ಮತ್ತು ಬಿ ಟವರ್‌ನ ಬ್ರೋಷರ್‌ನಲ್ಲಿ ಕೊನೆಯ ಮಹಡಿ ಯಾವ ನಂಬರ್? ಎರಡು, ಓಸಿ ಪಿಡಿಎಫ್‌ನಲ್ಲಿ ಯಾವ ಯಾವ ಬ್ಲಾಕ್‌ನ ಹೆಸರಿದೆ? ಮೊದಲ ಪುಟದ ವಿಷಯದ ಸಾಲು ನೋಡಿದರೆ ಸಾಲದು. ಒಳಗೆ ಮಹಡಿವಾರು ವಿಸ್ತೀರ್ಣದ ಪಟ್ಟಿ ಇರುತ್ತದೆ, ಅದನ್ನು ನೋಡಿ.

ನೀಲಿಬಾಗಿಲು:
ನೋಡಿದೆ ಸರ್. ಎ, ಬಿ ಎರಡರಲ್ಲೂ ಕೊನೆಯದು 14. ಸಿ ಒಂದರಲ್ಲೇ 15 ಇದೆ. ಓಸಿ ಪಟ್ಟಿಯಲ್ಲಿ ಎ ಬ್ಲಾಕ್, ಬಿ ಬ್ಲಾಕ್ ಎರಡೇ ಇವೆ. ಬೇಸ್‌ಮೆಂಟ್‌ನಿಂದ ಹಿಡಿದು "Thirteenth Floor", "Terrace Floor" ತನಕ ಇದೆ. ಸಿ ಎಲ್ಲೂ ಇಲ್ಲ 😟

ಗೆರೆ_ಅಳತೆ:
ಹಾಗಾದರೆ ನಿಮ್ಮ ಮುಂದೆ ಎರಡು ಬೇರೆ ಬೇರೆ ಸಮಸ್ಯೆ ಇವೆ. ಅವನ್ನು ಒಟ್ಟಿಗೆ ಕಲಸಬೇಡಿ, ಸೇಲ್ಸ್‌ನವರು ಕಲಸಿಯೇ ಮಾತಾಡುತ್ತಾರೆ.

ಮೊದಲನೆಯದು, ಸಿ ಟವರ್‌ಗೆ ಓಸಿಯೇ ಬಂದಿಲ್ಲ. ಭಾಗಶಃ ಓಸಿ ಅಂದರೆ ಪಟ್ಟಿಯಲ್ಲಿರುವ ಬ್ಲಾಕ್‌ಗಳಿಗೆ ಮಾತ್ರ. ಕಾಂಪೌಂಡ್ ಒಂದೇ, ಗೇಟ್ ಒಂದೇ ಅಂತ ಪಕ್ಕದ ಟವರ್‌ಗೆ ಅದು ಅನ್ವಯಿಸುವುದಿಲ್ಲ. ಇದು ಬರೀ ತಡದ ವಿಷಯವೂ ಆಗಿರಬಹುದು. ಸಿ ಕೆಲಸ ಮುಗಿದ ಮೇಲೆ ಅರ್ಜಿ ಹಾಕಿ ತರಬಹುದು.

ಎರಡನೆಯದು ಗಟ್ಟಿ ಸಮಸ್ಯೆ: ಮಂಜೂರಾತಿಯಲ್ಲಿ ಇಲ್ಲದ ಒಂದು ಮಹಡಿ. ಇದು ಕಾದರೆ ಸರಿಹೋಗುವಂಥದ್ದಲ್ಲ.

ಇದನ್ನು ಬ್ರೋಷರ್ ಇಟ್ಟುಕೊಂಡು ತೀರ್ಮಾನಿಸಬೇಡಿ, ಪ್ಲಾನ್ ಹಾಳೆಯಲ್ಲೇ ಖಚಿತ ಮಾಡಿಕೊಳ್ಳಿ. ಬಿಬಿಎಂಪಿಯ ಕಂಪ್ಯೂಟರ್ ಪ್ಲಾನ್ ಹಾಳೆಗಳಲ್ಲಿ ಪ್ರತಿ ಬ್ಲಾಕ್‌ಗೂ ಒಂದು ಪಟ್ಟಿ ಇರುತ್ತದೆ. ಮೇಲಿನಿಂದ ಕೆಳಕ್ಕೆ ಓದಬೇಕು, ಟೆರೇಸ್ ಮೊದಲು ಬರುತ್ತದೆ. ಬಲತುದಿಯ Tnmt ಕಾಲಂ ಅಂದರೆ ಆ ಮಹಡಿಯಲ್ಲಿ ಎಷ್ಟು ಮನೆ ಅಂತ. ನೀವು ಹೇಳಿದ ಪ್ರಾಜೆಕ್ಟ್‌ನಲ್ಲಿ ಮಹಡಿಗೆ 8 ಫ್ಲಾಟ್, ಗ್ರೌಂಡ್‌ನಲ್ಲಿ 4 ಅಂತ ಇಟ್ಟುಕೊಂಡರೆ ಹೀಗೆ ಕಾಣಬೇಕು:

```
Block :C
Floor Name          Tnmt (No.)
Terrace Floor       00
Thirteenth Floor    08
Twelfth Floor       08
...
First Floor         08
Ground Floor        04
Total               108
```

ಈಗ ಬಿಲ್ಡರ್ ಕೊಟ್ಟ ಸಿ ಟವರ್‌ನ ದರಪಟ್ಟಿಯಲ್ಲಿ ಫ್ಲಾಟ್‌ಗಳನ್ನು ಎಣಿಸಿ. 108 ಬಂದರೆ ನನ್ನ ಅನುಮಾನ ತಪ್ಪು, 116 ಬಂದರೆ ಎಂಟು ಮನೆ ಹೆಚ್ಚು. ಮಹಡಿಗೆ ಏನು ನಂಬರ್ ಬೇಕಾದರೂ ಇಡಬಹುದು, ಮನೆಗಳ ಸಂಖ್ಯೆಯಲ್ಲಿ ಆಟ ನಡೆಯುವುದಿಲ್ಲ. ಹಾಗೇ ಸೆಕ್ಷನ್ ಡ್ರಾಯಿಂಗ್, ಅಂದರೆ ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ ಸ್ಲ್ಯಾಬ್‌ಗಳನ್ನು ಎಣಿಸಿ. ಪಕ್ಕದಲ್ಲಿ ಒಟ್ಟು ಎತ್ತರ ಮೀಟರ್‌ನಲ್ಲಿ ಬರೆದಿರುತ್ತದೆ, ಗುರುತು ಹಾಕಿಕೊಳ್ಳಿ. ಅದು ಮುಂದೆ ಬೇಕಾಗುತ್ತದೆ.

ತಿಪ್ಪಸಂದ್ರ_30x40:
ಓಸಿ ಈಗ ಬೇಕಾಗಿಲ್ಲ ಅಂತ ಸರ್ಕಾರ ಆದೇಶ ಮಾಡಿದೆಯಲ್ಲ? ನಮ್ಮ ಮನೆಗೆ ಬೆಸ್ಕಾಂ ಮೀಟರ್ ಅದೇ ಆಧಾರದ ಮೇಲೆ ಸಿಕ್ಕಿತು. ಇವರಿಗೂ ಅದೇ ಅನ್ವಯ ಆಗಬೇಕಲ್ವಾ?

ವಕೀಲಿ_ಗುಮಾಸ್ತ:
ಇಲ್ಲ ಸರ್, ಆ ವಿನಾಯಿತಿ 1200 ಚದರಡಿ ಒಳಗಿನ ಸೈಟ್‌ನಲ್ಲಿ ಗ್ರೌಂಡ್ + 2 ಅಥವಾ ಸ್ಟಿಲ್ಟ್ + 3 ತನಕದ ವಾಸದ ಮನೆಗಳಿಗೆ. ನಿಮ್ಮ 30x40ಗೆ ಸರಿ, ಮೂರು ಟವರ್ ಅಪಾರ್ಟ್‌ಮೆಂಟ್‌ಗೆ ಅಲ್ಲ. ಅದರ ಹಿನ್ನೆಲೆ ಅಂದರೆ 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಓಸಿ ಇಲ್ಲದೆ ಮನೆ ಒಪ್ಪಿಸಬಾರದು, ಓಸಿ ನೋಡಿಯೇ ವಿದ್ಯುತ್ತು, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಓಸಿ ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ ಅದರಲ್ಲಿ ನಿರ್ದೇಶನ ಇದೆ. ಅದಾದ ಮೇಲೆ ಇಲ್ಲಿ ಮೀಟರ್‌ಗಳು ನಿಂತವು, ಸಣ್ಣ ಮನೆಯವರಿಗೆ ತೊಂದರೆ ಆಯಿತು ಅಂತ ವಿನಾಯಿತಿ ಬಂತು.

ಹಳೆಪೇಟೆ ಮಾವ, "ಹತ್ತು ವರ್ಷದಿಂದ ವಾಸ ಮಾಡ್ತಿದ್ದಾರೆ" ಅನ್ನೋದು ಈ ತೀರ್ಪಿನ ಹಿಂದಿನ ಕಾಲದ ಮಾತು.

ಉತ್ತರಹಳ್ಳಿ_ಸುಮಾ:
ವಾಸ ಮಾಡಬಹುದು, ಆದರೆ ಹೇಗೆ ಅಂತಲೂ ಹೇಳಿ. ನಮ್ಮ ಕಟ್ಟಡಕ್ಕೆ ಓಸಿ ಇಲ್ಲ. ಕರೆಂಟು ತಾತ್ಕಾಲಿಕ ಸಂಪರ್ಕದ ದರದಲ್ಲಿ, ನೀರು ಟ್ಯಾಂಕರ್‌ನಲ್ಲಿ. ಮಾರೋಣ ಅಂದರೆ ಕೊಳ್ಳುವವರ ಬ್ಯಾಂಕಿನವರು ಮೊದಲು ಕೇಳೋದೇ ಓಸಿ. ನೀಲಿಬಾಗಿಲು ಅವರೇ, ಒಂದು ಸಲ ಸೈಟ್‌ಗೆ ಹೋಗಿ ಸಿ ಟವರ್‌ನ ಮೀಟರ್ ಬೋರ್ಡ್ ನೋಡಿ. ಪ್ರತಿ ಮನೆಗೂ ಮೀಟರ್ ಕೂತಿದೆಯಾ, ಇಲ್ಲ ಕೇಬಲ್ ಎಳೆದು ಲಿಫ್ಟ್ ಓಡಿಸ್ತಿದ್ದಾರಾ ಅಂತ. ಜನರೇಟರ್ ಶಬ್ದ ಹಗಲಿಡೀ ಬರ್ತಿದ್ದರೆ ಉತ್ತರ ಅಲ್ಲೇ ಇದೆ.

ಸಾಲದ_ಮೇಜು:
ಬ್ಯಾಂಕ್ ಅಪ್ರೂವಲ್ ಬಗ್ಗೆ ಎರಡು ಮಾತು. ಪ್ರಾಜೆಕ್ಟ್ ಮಟ್ಟದ ಅನುಮೋದನೆ ಕೊಡುವಾಗ ಬ್ಯಾಂಕ್ ನೋಡುವುದು ಆ ಹೊತ್ತಿಗೆ ಇದ್ದ ಪ್ಲಾನ್, ಟೈಟಲ್, ರೇರಾ. 2021ರ ಪ್ಲಾನ್‌ಗೆ ಅನುಮೋದನೆ ಕೊಟ್ಟಿದ್ದರೆ ಅದರಲ್ಲಿ ಗ್ರೌಂಡ್ + 13 ಅಂತಲೇ ಇರುತ್ತದೆ. "ಪ್ರಾಜೆಕ್ಟ್ ಅಪ್ರೂವ್ಡ್" ಅಂತ ಬಿಲ್ಡರ್ ಆಫೀಸಿನ ಗೋಡೆ ಮೇಲೆ ಹಾಕಿರುವ ಪಟ್ಟಿಗೂ ನಿಮ್ಮ ಫ್ಲಾಟ್‌ಗೂ ಸಂಬಂಧ ಇಲ್ಲದೆಯೂ ಇರಬಹುದು.

ನಿಮಗೆ ಉಪಯೋಗ ಆಗೋದು ಬೇರೆ ಕಾಗದ. ಸಾಲಕ್ಕೆ ಅರ್ಜಿ ಹಾಕಿದ ಮೇಲೆ ಬ್ಯಾಂಕಿನ ವ್ಯಾಲ್ಯುಯರ್ ಸೈಟ್‌ಗೆ ಹೋಗಿ ಟೆಕ್ನಿಕಲ್ ರಿಪೋರ್ಟ್ ಬರೀತಾರೆ. ಮಂಜೂರಾದ ಮಹಡಿ ಎಷ್ಟು, ಸ್ಥಳದಲ್ಲಿ ಇರುವುದು ಎಷ್ಟು ಅಂತ ಅದರಲ್ಲಿ ನಮೂದಿಸುತ್ತಾರೆ. ಅದರ ಹಣ ಹೋಗೋದು ನಿಮ್ಮ ಪ್ರೊಸೆಸಿಂಗ್ ಫೀಸಿನಿಂದಲೇ, ಆದ್ದರಿಂದ ಪ್ರತಿ ಕೇಳಿ. ಕೆಲವು ಶಾಖೆಯವರು ಕೊಡಲ್ಲ, ಆದರೆ "ಪ್ಲಾನ್‌ನಿಂದ ವ್ಯತ್ಯಾಸ ಏನಾದರೂ ಬರೆದಿದ್ದಾರಾ" ಅಂತ ಕೇಳಿದರೆ ಬಾಯಲ್ಲಾದರೂ ಹೇಳ್ತಾರೆ. ಲೀಗಲ್ ಒಪಿನಿಯನ್‌ನಲ್ಲಿ ಇದು ಬರಲ್ಲ. ವಕೀಲರು ಹಕ್ಕುಪತ್ರಗಳ ಸರಪಳಿ ನೋಡ್ತಾರೆ, ಮಹಡಿ ಎಣಿಸಲ್ಲ.

ನೀಲಿಬಾಗಿಲು:
ಎಣಿಸಿದೆ. ಪ್ಲಾನ್‌ನ ಪಟ್ಟಿಯಲ್ಲಿ ಗೆರೆ_ಅಳತೆ ಅವರು ಹೇಳಿದ ಹಾಗೇ 108. ದರಪಟ್ಟಿಯಲ್ಲಿ 116. ಸೆಕ್ಷನ್‌ನಲ್ಲಿ ಎತ್ತರ 42 ಮೀಟರ್ ಅಂತಿದೆ. ಬಿಲ್ಡರ್ ಕಡೆಯ ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಅದು ಮೈನರ್ ಡೀವಿಯೇಶನ್ ಮೇಡಂ, 5% ಒಳಗೇ ಬರುತ್ತೆ, ದಂಡ ಕಟ್ಟಿ ಓಸಿ ತಗೋತೀವಿ" ಅಂದರು.

ಹಳೆಪೇಟೆ_ಮಾವ:
ನೋಡಿ, ನಾನು ಹೇಳಲಿಲ್ವಾ. 5% ತನಕ ಕಾನೂನೇ ಬಿಡುತ್ತೆ. ಮೂರು ಟವರ್‌ನಲ್ಲಿ ಒಂದು ಮಹಡಿ ಅಂದ್ರೆ ಎಷ್ಟಾಯ್ತು? ಒಟ್ಟು ಕಟ್ಟಡದಲ್ಲಿ 2-3% ಅಷ್ಟೇ. ಅದೂ ಆಗದಿದ್ದರೆ ಅಕ್ರಮ ಸಕ್ರಮ ಇದ್ದೇ ಇದೆ.

ಗೆರೆ_ಅಳತೆ:
ಮಾವನವರ ಲೆಕ್ಕ ಅರ್ಧ ಸರಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬಿಬಿಎಂಪಿಯ 2003ರ ಕಟ್ಟಡ ಬೈಲಾದಲ್ಲಿ 5% ಮಾತು ಇದೆ. ಆದರೆ ಅದು "ಒಟ್ಟು ಕಟ್ಟಡದ 5%" ಅಲ್ಲ. ನಾಲ್ಕು ಬಾಬತ್ತು ಹೇಳಿದ್ದಾರೆ: ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್, ನಿವೇಶನದಲ್ಲಿ ಕಟ್ಟಡ ಆವರಿಸಿದ ಭಾಗ, ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಎಫ್‌ಎಆರ್, ಮತ್ತು ಕಟ್ಟಡದ ಎತ್ತರ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಈ ಪ್ರಾಜೆಕ್ಟ್‌ಗೇ ಲೆಕ್ಕ ಹಾಕೋಣ. ಒಂದು ಮಹಡಿಯ ಎಫ್‌ಎಆರ್ ವಿಸ್ತೀರ್ಣ 900 ಚದರ ಮೀಟರ್, ಗ್ರೌಂಡ್‌ನಲ್ಲಿ ಅರ್ಧ, ಅಂದರೆ 450 ಅಂತಿಟ್ಟುಕೊಳ್ಳಿ. ಒಂದು ಟವರ್‌ಗೆ 13 × 900 + 450 = 12,150. ಮೂರಕ್ಕೆ 36,450. ಹೆಚ್ಚುವರಿ ಮಹಡಿಯ 900 ಇದರಲ್ಲಿ ಸುಮಾರು 2.5%. ಮ್ಯಾನೇಜರ್ ಹೇಳುವ "5% ಒಳಗೆ" ಇದೇ ಇರಬೇಕು, ಎಫ್‌ಎಆರ್ ಮಟ್ಟಿಗೆ ಅದು ನಿಜ ಕೂಡ.

ಈಗ ಎತ್ತರ. ಗ್ರೌಂಡ್ ಸೇರಿ 14 ಹಂತ, ತಲಾ 3 ಮೀಟರ್, ಒಟ್ಟು 42. ಇನ್ನೊಂದು ಮಹಡಿ ಸೇರಿದರೆ 45. ಮೂರು ಭಾಗಿಸು ನಲವತ್ತೆರಡು, 7.1%. ಇಲ್ಲಿ 5% ದಾಟಿತು. ಎತ್ತರವನ್ನು ಟವರ್ ಟವರ್‌ಗೇ ಅಳೆಯಬೇಕು, ಪಕ್ಕದ ಎರಡು ಟವರ್ ಜೊತೆ ಸರಾಸರಿ ಮಾಡೋಕಾಗಲ್ಲ. ಜೊತೆಗೆ ನಮ್ಮ ನಿಯಮದಲ್ಲಿ ಎತ್ತರ ಏರಿದ ಹಾಗೆ ಸುತ್ತ ಬಿಡಬೇಕಾದ ಜಾಗವೂ ಹಂತ ಹಂತವಾಗಿ ಏರುತ್ತದೆ. ಕಟ್ಟಿ ಮುಗಿಸಿದ ಮೇಲೆ ಆ ಜಾಗ ಎಲ್ಲಿಂದ ತರುತ್ತಾರೆ?

ಇನ್ನು 5% ಒಳಗಿದ್ದರೂ ಅದು ಹಕ್ಕಲ್ಲ. ಆಯುಕ್ತರು "ಸಕ್ರಮಗೊಳಿಸಬಹುದು" ಅಂತಿದೆ, "ಸಕ್ರಮಗೊಳಿಸಬೇಕು" ಅಂತಿಲ್ಲ. ಒಡೆದರೆ ಕಟ್ಟಡದ ಭದ್ರತೆಗೆ ಧಕ್ಕೆ ಆಗುತ್ತದೆ ಅನ್ನೋ ಷರತ್ತು ಬೇರೆ ಇದೆ, ಕಾರಣ ಲಿಖಿತವಾಗಿ ದಾಖಲಿಸಬೇಕು. ಟೆರೇಸ್ ಮೇಲೆ ಎಬ್ಬಿಸಿದ ಮಹಡಿಗೆ ಆ ಷರತ್ತು ಪೂರೈಸುವುದು ಕಷ್ಟ. ಮೇಲಿನದನ್ನು ತೆಗೆದರೆ ಕೆಳಗಿನದು ಬೀಳುವುದಿಲ್ಲವಲ್ಲ.

ವಕೀಲಿ_ಗುಮಾಸ್ತ:
ಅಕ್ರಮ ಸಕ್ರಮದ ಮಾತು ಯಾಕೆ ಇನ್ನೂ ಜೀವಂತ ಇದೆಯೋ! ಅದಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. ಅದನ್ನು ನಂಬಿ ಈಗ ಹೊಸ ಫ್ಲಾಟ್ ಕೊಳ್ಳಬೇಡಿ.

ಜಯನಗರ_4ನೇಬ್ಲಾಕ್:
5% ಅನ್ನು 15% ಮಾಡ್ತಾರೆ ಅಂತ ಪೇಪರ್‌ನಲ್ಲಿ ಓದಿದ್ದೆ. ಹಾಗಾದರೆ 7.1% ಕೂಡ ಒಳಗೇ ಬರುತ್ತಲ್ಲ?

ಗೆರೆ_ಅಳತೆ:
ಬಿಲ್ಡರ್‌ಗೆ ಇದೇ ವಾದ ಇದ್ದರೆ ಯಾವ ಅಧಿಸೂಚನೆ, ಯಾವ ದಿನಾಂಕ, ಈ ಕಟ್ಟಡಕ್ಕೆ ಹೇಗೆ ಅನ್ವಯ ಅಂತ ಪತ್ರದಲ್ಲಿ ಬರೆದು ಕೊಡಲಿ. ಶೇಕಡಾವಾರು ಎಷ್ಟೇ ಆಗಲಿ, ಎಂಟು ಹೊಸ ಮನೆ ಸೇರಿದರೆ ಪಾರ್ಕಿಂಗ್ ಲೆಕ್ಕವೂ ಬದಲಾಗುತ್ತದೆ. ಪ್ಲಾನ್ ಹಾಳೆಯಲ್ಲೇ Parking Check (Table 7b) ಅಂತ ಒಂದು ಪಟ್ಟಿ ಇದೆ. ಅದನ್ನು ಮಾಡಿರುವುದು 108 ಮನೆಗೆ. ಅಗ್ನಿಶಾಮಕ ದಳದ ಎನ್‌ಒಸಿ ಕೊಟ್ಟಿರುವುದೂ 42 ಮೀಟರ್ ಎತ್ತರಕ್ಕೆ. ಓಸಿಗೆ ಮುಂಚೆ ಆ ಇಲಾಖೆಯವರು ಮತ್ತೆ ಸ್ಥಳಕ್ಕೆ ಬಂದು ಅಂತಿಮ ಪತ್ರ ಕೊಡಬೇಕು. ಅವರೂ ಮಹಡಿ ಎಣಿಸುತ್ತಾರೆ.

ನೀಲಿಬಾಗಿಲು:
ಈಗ ಮ್ಯಾನೇಜರ್ ಮಾತು ಬದಲಾಯಿಸಿದ್ದಾರೆ. "ಟಿಡಿಆರ್ ಕೊಂಡಿದ್ದೀವಿ, ಮಾಡಿಫೈಡ್ ಪ್ಲಾನ್ ಇದೆ, ಸಿಸಿ ಕೂಡ ಇದೆ" ಅಂತ. ಸಿಸಿ ಇದ್ದರೆ ಓಸಿ ಇದ್ದ ಹಾಗೇ ಅಲ್ವಾ ಸರ್?

ಗೆರೆ_ಅಳತೆ:
ಯಾವ ಸಿಸಿ ಅಂತ ಕೇಳಿ. ಕೆಲಸ ಶುರು ಮಾಡಲು ಪಾಲಿಕೆ ಕೊಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್‌ಗೂ ಸಿಸಿ ಅಂತಾರೆ, ಕೆಲಸ ಮುಗಿದಿದೆ ಅಂತ ಅವರದೇ ಆರ್ಕಿಟೆಕ್ಟ್ ಬರೆದುಕೊಡುವ ಕಂಪ್ಲೀಷನ್ ಪತ್ರಕ್ಕೂ ಸಿಸಿ ಅಂತಾರೆ. ಎರಡೂ ಓಸಿ ಅಲ್ಲ. ಓಸಿಗೆ ಅರ್ಜಿ ಹಾಕಿದ ಸ್ವೀಕೃತಿಯೂ ಓಸಿ ಅಲ್ಲ. "ಮೂವತ್ತು ದಿನ ಆಯ್ತು, ಉತ್ತರ ಬರಲಿಲ್ಲ, ಅದಕ್ಕೇ ಡೀಮ್ಡ್ ಓಸಿ" ಅಂದರೆ ಬ್ಯಾಂಕ್‌ಗೂ ಬೆಸ್ಕಾಂಗೂ ಆ ಮಾತು ಹೇಳಿ ನೋಡಿ ಅನ್ನಿ.

ಟಿಡಿಆರ್ ಅಂದರೆ ಬೇರೆಯವರಿಂದ ಕೊಂಡು ವರ್ಗ ಮಾಡಿಸಿಕೊಳ್ಳುವ ಕಟ್ಟುವ ಹಕ್ಕು, ಅದರಿಂದ ಹೆಚ್ಚುವರಿ ಎಫ್‌ಎಆರ್ ಸಿಗುವುದು ನಿಜ. ಆದರೆ ಟಿಡಿಆರ್ ಕೊಂಡ ಮಾತ್ರಕ್ಕೆ ಮಹಡಿ ಮಂಜೂರಾಗುವುದಿಲ್ಲ. ಅದನ್ನು ಪ್ಲಾನ್‌ಗೆ ಸೇರಿಸಿ ಮಾರ್ಪಡಿಸಿದ ನಕ್ಷೆ ಮಂಜೂರು ಮಾಡಿಸಬೇಕು. ಅದು ಆಗಿದ್ದರೆ ಹೊಸ ಎಲ್‌ಪಿ ಸಂಖ್ಯೆ, ಅಂದರೆ ಪ್ಲಾನ್ ಮಂಜೂರಾತಿ ಸಂಖ್ಯೆಯ ಉಲ್ಲೇಖ, ಹೊಸ ದಿನಾಂಕ, "Fourteenth Floor" ಅಂತ ಒಂದು ಸಾಲು, ಒಟ್ಟು 116 ಮನೆ, ಎಲ್ಲ ಇರುವ ಹೊಸ ಹಾಳೆ ಇರಲೇಬೇಕು. ಇದ್ದರೆ ಮೇಲೆ ಬರೆದ ಎತ್ತರದ ತಕರಾರು ಪೂರ್ತಿ ಬಿದ್ದುಹೋಗುತ್ತದೆ, ನಾನೇ ಒಪ್ಪಿಕೊಳ್ಳುತ್ತೇನೆ.

ವಕೀಲಿ_ಗುಮಾಸ್ತ:
ಮಾಡಿಫೈಡ್ ಪ್ಲಾನ್ ಇದ್ದರೆ ಇನ್ನೊಂದು ಕಾಗದವೂ ಇರಬೇಕು. ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ, ಮಂಜೂರಾದ ಪ್ಲಾನ್ ಬದಲಿಸಲು ಆಗಲೇ ಬುಕ್ ಮಾಡಿದವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕು. ಸಿ ಟವರ್‌ನಲ್ಲಿ 72 ಜನ ಬುಕ್ ಮಾಡಿದ್ದಾರೆ ಅಂದುಕೊಳ್ಳಿ, 48 ಸಹಿ ಬೇಕು. ಒಬ್ಬರೇ ಮೂರು ಫ್ಲಾಟ್ ಕೊಂಡಿದ್ದರೂ ಅವರದು ಒಂದೇ ಲೆಕ್ಕ, ಬಿಲ್ಡರ್ ಕೈಯಲ್ಲಿ ಉಳಿದ ಫ್ಲಾಟ್‌ಗಳು ಲೆಕ್ಕಕ್ಕಿಲ್ಲ.

ನಿಮ್ಮ ಕರಡು ಅಗ್ರಿಮೆಂಟ್‌ನಲ್ಲಿ "ಪ್ಲಾನ್‌ನಲ್ಲಿ ಮಾಡುವ ಯಾವುದೇ ಬದಲಾವಣೆಗೆ ಕೊಳ್ಳುವವರ ಸಮ್ಮತಿ ಇದೆ" ಅನ್ನುವ ಸಾಲು ಎಲ್ಲಾದರೂ ಅಡಗಿದೆಯಾ ನೋಡಿ. ಇದ್ದರೆ ಹೊಡೆದು ಹಾಕಿಸಿ.

ಜಯನಗರ_4ನೇಬ್ಲಾಕ್:
ಸಿ ಟವರ್‌ನವರ ಮೂರನೇ ಎರಡು ಸಾಕಾ? ಬೇಸ್‌ಮೆಂಟ್ ಪಾರ್ಕಿಂಗ್ ಮೂರು ಟವರ್‌ಗೂ ಒಂದೇ ಅಲ್ವಾ? ಎ, ಬಿ ಯವರ ಒಪ್ಪಿಗೆ ಬೇಡವಾ?

ವಕೀಲಿ_ಗುಮಾಸ್ತ:
ಕಲಂನಲ್ಲಿ "ಅಂಥ ಕಟ್ಟಡದಲ್ಲಿ" ಫ್ಲಾಟ್ ತಗೊಂಡವರು ಅಂತಿದೆ, ಹಾಗಾಗಿ ಬಿಲ್ಡರ್‌ಗಳು ಟವರ್ ಮಟ್ಟಕ್ಕೆ ಓದ್ತಾರೆ. ಆದರೆ ಅದೇ ಸಾಲಿನಲ್ಲಿ ಪ್ರಾಜೆಕ್ಟ್‌ನ ಸಾಮಾನ್ಯ ಪ್ರದೇಶದ ಬದಲಾವಣೆಯೂ ಸೇರಿದೆ. ಎಂಟು ಕಾರು ಹೆಚ್ಚಾದರೆ ಎಲ್ಲರಿಗೂ ತಟ್ಟುತ್ತೆ, ಎಲ್ಲರನ್ನೂ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಗೆರೆ_ಅಳತೆ:
ಇದರಲ್ಲಿ ನನಗೆ ಭಿನ್ನಾಭಿಪ್ರಾಯ ಇದೆ. ಪಾರ್ಕಿಂಗ್ ಅನ್ನು ಸಿ ಟವರ್ ಅಡಿಯಲ್ಲೇ ಹೊಂದಿಸಿ ತೋರಿಸಿದರೆ ಬೇರೆಯವರ ಸಾಮಾನ್ಯ ಜಾಗ ಬದಲಾಗಿಲ್ಲ ಅಂತ ಅವರು ವಾದಿಸಬಹುದು. ಇರಲಿ, ಇವರಿಗೆ ಸದ್ಯಕ್ಕೆ ಬೇಕಿರುವುದು ಅದಲ್ಲ.

ಮೇಡಂ, ಬಿಲ್ಡರ್ ಕಳಿಸುವ ಪಿಡಿಎಫ್‌ಗೆ ಕಾಯಬೇಡಿ. rera.karnataka.gov.in ನಲ್ಲಿ ಪ್ರಾಜೆಕ್ಟ್ ತೆಗೆದು, Uploaded Documents ಭಾಗದಲ್ಲಿ ಇರುವ ಪ್ಲಾನ್ ಇಳಿಸಿಕೊಳ್ಳಿ. ಪ್ರಾಜೆಕ್ಟ್ ವಿವರದಲ್ಲಿ ಟವರ್‌ವಾರು ಮಹಡಿ, ಮನೆಗಳ ಸಂಖ್ಯೆ ಬಿಲ್ಡರ್ ತಾವೇ ತುಂಬಿರುತ್ತಾರೆ. ಅಲ್ಲಿ ಸಿ ಟವರ್‌ಗೆ 108 ಅಂತ ಇದ್ದು ಮಾರಾಟಕ್ಕೆ 116 ಇಟ್ಟಿದ್ದರೆ ಬೇರೆ ಸಾಕ್ಷಿ ಬೇಡ. ಸ್ಕ್ರೀನ್‌ಶಾಟ್ ದಿನಾಂಕ ಸಮೇತ ಇಟ್ಟುಕೊಳ್ಳಿ, ಆ ಪುಟ ಬದಲಾಗುತ್ತಿರುತ್ತದೆ.

ಆದರೆ ರೇರಾದಲ್ಲಿ ಇರುವುದೂ ಬಿಲ್ಡರ್ ಹಾಕಿದ ಪ್ರತಿಯೇ. ಮೂಲ ಇರುವುದು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ. ವೈಟ್‌ಫೀಲ್ಡ್ ಕಡೆಗೆ ಬೆಂಗಳೂರು ಪೂರ್ವ ನಗರ ಪಾಲಿಕೆ. ಹಳೆ ಓಸಿ, ಹಳೆ ಪ್ಲಾನ್ ಬಿಬಿಎಂಪಿ ತಲೆಬರಹದಲ್ಲಿ ಇರುವುದು ಸಹಜ, ಅದಕ್ಕೆ ಅನುಮಾನ ಬೇಡ. ಅನುಮಾನ ಬರಬೇಕಾದದ್ದು ಸೆಪ್ಟೆಂಬರ್ 2025ರ ನಂತರದ ದಿನಾಂಕ ಹಾಕಿಕೊಂಡು ಬಿಬಿಎಂಪಿ ಹೆಸರಲ್ಲೇ ಬಂದ ಓಸಿಯ ಮೇಲೆ.

ನೀಲಿಬಾಗಿಲು:
ಆರ್‌ಟಿಐ ಹಾಕಬಹುದಾ? ಏನಂತ ಬರೆಯಬೇಕು?

ವಕೀಲಿ_ಗುಮಾಸ್ತ:
ಹಾಕಿ. ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೂ ಆಗುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆದರೆ ವಾಪಸ್ ಕಳಿಸ್ತಾರೆ. "ಎಲ್‌ಪಿ ಸಂಖ್ಯೆ ಇಂಥದ್ದರ ಕಡತದಲ್ಲಿ ಮಂಜೂರಾದ ಎಲ್ಲ ನಕ್ಷೆಗಳು, ಮಾರ್ಪಡಿಸಿದ ನಕ್ಷೆ ಇದ್ದರೆ ಅದು ಸೇರಿ, ಮತ್ತು ಇದುವರೆಗೆ ಕೊಟ್ಟ ಸ್ವಾಧೀನಾನುಭವ ಪತ್ರಗಳ ದೃಢೀಕೃತ ಪ್ರತಿ ಕೊಡಿ." ಇಷ್ಟೇ. "ಈ ಕಟ್ಟಡ ಅಕ್ರಮವೇ?" ಅಂತ ಪ್ರಶ್ನೆ ಕೇಳಬೇಡಿ. ಅದಕ್ಕೆ "ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಅಂತ ಉತ್ತರ ಬರುತ್ತೆ. ಉತ್ತರಕ್ಕೆ ಕಾನೂನಿನಲ್ಲಿ 30 ದಿನ. ಬಿಲ್ಡರ್ "ಈ ವಾರ ಟೋಕನ್ ಕೊಡದಿದ್ದರೆ ರೇಟು ಏರುತ್ತೆ" ಅಂದರೆ ಏರಲಿ ಬಿಡಿ.

ಟೋಕನ್ ಅಂದಾಗ ನೆನಪಾಯ್ತು. ನೋಂದಾಯಿತ ಅಗ್ರಿಮೆಂಟ್ ಆಗುವ ಮುಂಚೆ ಬೆಲೆಯ 10%ಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ.

ಸಾಲದ_ಮೇಜು:
ಇನ್ನೊಂದು ಸುಲಭದ ಗುರುತು. ಬೆಲೆಯ ವಿವರದ ಹಾಳೆಯಲ್ಲಿ ಜಿಎಸ್‌ಟಿ ಹಾಕಿದ್ದಾರಾ? ಓಸಿ ಅಥವಾ ಕಂಪ್ಲೀಷನ್ ಆದ ಮೇಲೆ ಪೂರ್ತಿ ಹಣ ಕೊಟ್ಟು ಕೊಳ್ಳುವ ಫ್ಲಾಟ್‌ಗೆ ಜಿಎಸ್‌ಟಿ ಇಲ್ಲ.

ನೀಲಿಬಾಗಿಲು:
5% ಹಾಕಿದ್ದಾರೆ! ನಾವು ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ.

ಸಾಲದ_ಮೇಜು:
ಹಾಗಾದರೆ ಅವರ ಸೇಲ್ಸ್ ವಿಭಾಗಕ್ಕೆ ಓಸಿ ಬಂದಿದೆ, ಅಕೌಂಟ್ಸ್ ವಿಭಾಗಕ್ಕೆ ಬಂದಿಲ್ಲ 🙂 ಸಿ ಟವರ್ ಇನ್ನೂ ನಿರ್ಮಾಣ ಹಂತದಲ್ಲಿದೆ ಅಂತ ಅವರೇ ಲೆಕ್ಕದಲ್ಲಿ ಒಪ್ಪಿಕೊಂಡಿದ್ದಾರೆ. ತೆರಿಗೆ ಹಾಕಿದ್ದು ತಪ್ಪಲ್ಲ, ಓಸಿ ಇದೆ ಅಂದಿದ್ದು ತಪ್ಪು.

ಹಳೆಪೇಟೆ_ಮಾವ:
ಸರಿ ಬಿಡಿ, 1504 ಬೇಡ. ಅದೇ ಟವರ್‌ನಲ್ಲಿ 904 ತಗೊಳ್ಳಿ. ಅದು ಪ್ಲಾನ್‌ನಲ್ಲಿದೆಯಲ್ಲ. ಇ-ಖಾತಾ ಕೊಡ್ತೀನಿ ಅಂದರೆ ರಿಜಿಸ್ಟ್ರೇಷನ್ ಕೂಡ ಆಗುತ್ತೆ.

ಗೆರೆ_ಅಳತೆ:
904 ಪ್ಲಾನ್‌ನಲ್ಲಿದೆ, ನಿಜ. ಆದರೆ ಓಸಿ ಅರ್ಜಿ ಫ್ಲಾಟ್‌ಗೆ ಹಾಕುವುದಿಲ್ಲ, ಬ್ಲಾಕ್‌ಗೆ ಹಾಕುತ್ತಾರೆ. ಮೇಲಿನ ಮಹಡಿಯ ತಕರಾರು ಬಗೆಹರಿಯುವ ತನಕ ಇಡೀ ಸಿ ಬ್ಲಾಕ್‌ನ ಕಡತ ಮೇಜಿನ ಮೇಲೆ ಕೂರಬಹುದು. ಒಂಬತ್ತನೇ ಮಹಡಿಯವರೂ ಕಾಯಬೇಕು. ಇ-ಖಾತಾ ಇಡೀ ಜಮೀನಿಗೋ ನಿಮ್ಮ ಫ್ಲಾಟ್‌ಗೋ ಅಂತ ನೋಡಿ. ಖಾತೆ ಅಂದರೆ ತೆರಿಗೆ ಯಾರ ಹೆಸರಲ್ಲಿ ಅಂತ ಹೇಳುವ ದಾಖಲೆ. ಕಟ್ಟಡ ಪ್ಲಾನ್ ಪ್ರಕಾರ ಇದೆ ಅಂತ ಅದು ಹೇಳುವುದಿಲ್ಲ.

ವಕೀಲಿ_ಗುಮಾಸ್ತ:
ನಾನು ಅಷ್ಟು ಖಡಾಖಂಡಿತವಾಗಿ ಹೇಳಲ್ಲ. ಮಂಜೂರಾದ ಮಹಡಿಗಳಿಗೆ ಮಾತ್ರ ಓಸಿ ಕೊಟ್ಟು, ಹೆಚ್ಚುವರಿಯನ್ನು ಹೊರಗಿಡಿ ಅಂತ ಕೇಳುವ ದಾರಿ ಇದೆ. 904 ಬೆಲೆ ನಿಜವಾಗಿ ಕಮ್ಮಿ ಇದ್ದರೆ ಯೋಚಿಸಬಹುದು. ಅಗ್ರಿಮೆಂಟ್‌ನಲ್ಲಿ ಓಸಿ ತರುವ ಕೊನೆಯ ದಿನಾಂಕ ಇರಲಿ. ಅದು ದಾಟಿದರೆ 18ನೇ ಕಲಂ ಪ್ರಕಾರ ಬಡ್ಡಿ ಸಮೇತ ವಾಪಸ್ ಕೇಳಬಹುದು. ಕ್ರಯಪತ್ರ ಓಸಿ ಬಂದ ಮೇಲೆಯೇ ಮಾಡಿಸಿ. "ಮೊದಲು ರಿಜಿಸ್ಟರ್ ಮಾಡ್ಕೊಳ್ಳಿ, ಓಸಿ ಆಮೇಲೆ ಕೊಡ್ತೀವಿ" ಅಂದರೆ ಒಪ್ಪಬೇಡಿ. ಪೂರ್ತಿ ಹಣ ಕೈಸೇರಿದ ಮೇಲೆ ಓಡಾಡುವವರು ಯಾರು?

ಗೆರೆ_ಅಳತೆ:
ಕಾಗದದ ಮೇಲೆ ದಾರಿ ಇದೆ. ಮೇಲೆ ಎಂಟು ಮನೆಯಲ್ಲಿ ಜನ ಹಾಲು ಉಕ್ಕಿಸಿ ಕೂತ ಮೇಲೆ ಆ ದಾರಿ ಎಷ್ಟು ಸುಲಭ ಅನ್ನುವುದು ಬೇರೆ ಮಾತು.

ನೀಲಿಬಾಗಿಲು:
ಇವತ್ತಿನ ಸ್ಥಿತಿ ಇದು. ಮಾಡಿಫೈಡ್ ಪ್ಲಾನ್ ಅಂತ ಕಳಿಸಿದ್ದು ಒಂದೇ ಪುಟ. ಅದರಲ್ಲಿ ಅರ್ಜಿ ಸಂಖ್ಯೆ ಮತ್ತು ಶುಲ್ಕ ಕಟ್ಟಿದ ರಸೀದಿ ಇದೆ, ಮಂಜೂರಾತಿ ಮುದ್ರೆ ಇಲ್ಲ. ಬುಕ್ ಮಾಡಿದವರ ಒಪ್ಪಿಗೆ ಪತ್ರ ಕೇಳಿದ್ದಕ್ಕೆ "ಅದು ಇಂಟರ್ನಲ್" ಅಂದರು. ರೇರಾದಲ್ಲಿ ಸಿ ಟವರ್‌ಗೆ 108 ಅಂತಲೇ ಇದೆ. ಆರ್‌ಟಿಐ ಹಾಕಿದ್ದೇನೆ. ಬಿ ಟವರ್‌ನಲ್ಲಿ 1102 ಖಾಲಿ ಇದೆ ಅಂತಾರೆ, ಅದರ ಬಗ್ಗೆ ಕೇಳಿಕೊಂಡಿದ್ದೇನೆ.

ಗೆರೆ_ಅಳತೆ:
ಬಿ ಓಸಿ ಪಟ್ಟಿಯಲ್ಲಿ "Eleventh Floor" ಸಾಲಿನ ವಿಸ್ತೀರ್ಣವನ್ನು ಪ್ಲಾನ್‌ನ ಅದೇ ಸಾಲಿನ ಜೊತೆ ಹೋಲಿಸಿ. ಓಸಿಯ ಕೊನೆಯ ಪುಟದ ಷರತ್ತುಗಳನ್ನೂ ಓದಿ, ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಮಾತ್ರ ಬಳಸಬೇಕು ಅನ್ನುವಂಥವು ಅಲ್ಲಿರುತ್ತವೆ. ಬಿ ಟವರ್‌ಗೆ ಜಿಎಸ್‌ಟಿ ಹಾಕಿದ ಹಾಳೆ ಕೊಟ್ಟರೆ ವಾಪಸ್ ಕಳಿಸಿ.

ತಿಪ್ಪಸಂದ್ರ_30x40:
ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಬರಲಿಲ್ಲ. ಸ್ಟಿಲ್ಟ್ + 3 ಮೇಲೆ ಟೆರೇಸ್‌ನಲ್ಲಿ ಒಂದು ರೂಮು ಹಾಕಿದ್ದೇವೆ. ಅದಕ್ಕೂ ವಿನಾಯಿತಿ ಇದೆಯಾ?

ವಕೀಲಿ_ಗುಮಾಸ್ತ:
ಅದಕ್ಕೆ ಬೇರೆ ಚರ್ಚೆ ತೆಗೀರಿ ಸರ್, ಪ್ಲಾನ್ ಪ್ರತಿ ಹಾಕಿ. ರೂಮಿನ ಅಳತೆಯೂ ಬರೀರಿ.